ತಪ್ಪು ವಸ್ತು ಬಂದಾಗ ಆನ್‌ಲೈನ್ ಮಾರಾಟಗಾರರಿಗೆ ಬರೆಯುವ ಮೊದಲ ಇಮೇಲ್: ದಿನಾಂಕ ಮತ್ತು ಆರ್ಡರ್ ವಿವರಗಳನ್ನು ಜೋಡಿಸುವ ಕ್ರಮ

ನಾವು ಕಳುಹಿಸುವ ಮೊದಲ ದೂರಿನ ಇಮೇಲನ್ನು ತೆರೆಯುವ ಸಿಬ್ಬಂದಿ ನಮ್ಮನ್ನು ಬಲ್ಲವರಲ್ಲ. ಅವರು ಆರ್ಡರ್ ಸಂಖ್ಯೆಯನ್ನು ತಮ್ಮ ಕಂಪ್ಯೂಟರಿನಲ್ಲಿ ಹುಡುಕಿ, ಅಲ್ಲಿ ಕಾಣುವ ವಿವರಗಳಿಗೂ ನಮ್ಮ ಬರಹಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ತಾಳೆಯಾದರೆ ಕೆಲಸ ಮುಂದಕ್ಕೆ ಹೋಗುತ್ತದೆ. ಆಗದಿದ್ದರೆ "ದಯವಿಟ್ಟು ಆರ್ಡರ್ ವಿವರ ಕಳುಹಿಸಿ" ಎಂಬ ಸಿದ್ಧ ಉತ್ತರ ಬರುತ್ತದೆ, ವಾಪಸಾತಿಯ ಅವಧಿಯಲ್ಲಿ ಒಂದೆರಡು ದಿನ ಕಳೆದುಹೋಗುತ್ತದೆ. ಮುಂದೆ ವಿಷಯ ಕುಂದುಕೊರತೆ ಅಧಿಕಾರಿಯವರೆಗೆ ಅಥವಾ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದವರೆಗೆ ಹೋದರೂ ಅಲ್ಲಿ ಮೊದಲು ಕೇಳುವುದು ಇದೇ ಇಮೇಲನ್ನು. ಆದ್ದರಿಂದ ಹಿಂದಿನ ಮಾತುಕತೆ ಏನೂ ತಿಳಿಯದ ಮೂರನೆಯವರೊಬ್ಬರು ಅದೊಂದನ್ನೇ ಓದಿದರೂ ಏನು ತರಿಸಿದ್ದು, ಏನು ಬಂದದ್ದು, ಯಾವ ದಿನ ಏನಾಯಿತು, ಈಗ ಏನಾಗಬೇಕು ಎಂಬುದು ತಿಳಿಯುವಂತೆ ಅದನ್ನು ಬರೆಯಬೇಕು.

ವಿವರಣೆಗಾಗಿ ಒಂದು ಪ್ರಸಂಗವನ್ನು ಇಟ್ಟುಕೊಳ್ಳೋಣ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಬೆಳೆಗಾರರೊಬ್ಬರು ಮಳೆಗಾಲಕ್ಕೆ ಮೊದಲು ಕಾಳುಮೆಣಸಿನ ಬಳ್ಳಿಗಳಿಗೆ ಬೋರ್ಡೋ ದ್ರಾವಣ ಹೊಡೆಯಲು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಪಂಪೊಂದನ್ನು ಆನ್‌ಲೈನಿನಲ್ಲಿ ತರಿಸುತ್ತಾರೆ. ಆರ್ಡರ್ ಮಾಡಿದ್ದು 16 ಲೀಟರಿನ, 12 ವೋಲ್ಟ್ 12 ಆಂಪಿಯರ್-ಅವರ್ ಬ್ಯಾಟರಿಯ ಮಾದರಿ. ಬಂದದ್ದು ಅದೇ ಬಣ್ಣದ, ಅದೇ 16 ಲೀಟರಿನ ಪಂಪು. ಆದರೆ ತಳದ ಸ್ಟಿಕ್ಕರಿನಲ್ಲಿ 12 ವೋಲ್ಟ್ 8 ಆಂಪಿಯರ್-ಅವರ್ ಎಂದಿದೆ. ಅಂದರೆ ಒಂದು ಚಾರ್ಜಿಗೆ ಹೊಡೆಯಬಹುದಾದ ಟ್ಯಾಂಕುಗಳ ಸಂಖ್ಯೆ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಸೀರೆಯ ಬದಲು ಚಪ್ಪಲಿ ಬಂದಿದ್ದರೆ ಒಂದೇ ಫೋಟೊ ಸಾಕಾಗುತ್ತಿತ್ತು. ನೋಡಲು ಒಂದೇ ತರಹ ಇರುವ ವಸ್ತು ಬಂದಾಗ ವಿವರಗಳೇ ಮಾತನಾಡಬೇಕಾಗುತ್ತದೆ, ಹೆಚ್ಚಿನ ದೂರುಗಳು ಸೋಲುವುದೂ ಇಂಥ ಕಡೆಯಲ್ಲೇ.

ಇಮೇಲಿಗೆ ಮೊದಲು ಮಾಡಬೇಕಾದ ಕೆಲಸ

ವಸ್ತುವನ್ನು ಬಳಸಬಾರದು. ಪಂಪಿಗೆ ಒಮ್ಮೆ ಬೋರ್ಡೋ ತುಂಬಿದರೆ ಟ್ಯಾಂಕಿನ ಒಳಗೆ ನೀಲಿ ಕಲೆ ಕೂರುತ್ತದೆ, ಆಮೇಲೆ "ಬಳಸಿದ ವಸ್ತು" ಎಂಬ ಕಾರಣ ಕೊಟ್ಟು ವಾಪಸು ನಿರಾಕರಿಸುವುದು ಮಾರಾಟಗಾರರಿಗೆ ಸುಲಭ. ಬ್ಯಾಟರಿಯನ್ನು ನೋಡಬೇಕೆಂದು ತಳದ ಸ್ಕ್ರೂ ಬಿಚ್ಚುವುದೂ ಬೇಡ, ಸ್ಟಿಕ್ಕರಿನ ಮೇಲಿರುವ ಬರಹವೇ ಸಾಕು. ಹೊರಗಿನ ರಟ್ಟಿನ ಪೆಟ್ಟಿಗೆಯನ್ನೂ ಅದರ ಮೇಲಿನ ಕೊರಿಯರ್ ಚೀಟಿಯನ್ನೂ ಹರಿಯದೆ ತೆಗೆದಿಡಬೇಕು. ಮಲೆನಾಡಿನ ಮನೆಗಳಲ್ಲಿ ರಟ್ಟು ನೇರವಾಗಿ ಬಚ್ಚಲೊಲೆಗೆ ಹೋಗುವುದು ರೂಢಿಯಾದ್ದರಿಂದ ಮನೆಯವರೆಲ್ಲರಿಗೂ ಇದನ್ನು ಹೇಳಿಡುವುದು ಒಳ್ಳೆಯದು.

ಮುಂದಿನದು ಆ್ಯಪಿನಲ್ಲಿ ವಾಪಸಾತಿಯ ಕೋರಿಕೆ. ಇಮೇಲ್ ಬರೆದ ಮಾತ್ರಕ್ಕೆ ಆ್ಯಪಿನಲ್ಲಿ ಕೋರಿಕೆ ಸಲ್ಲಿಸಿದಂತೆ ಆಗುವುದಿಲ್ಲ, ವಾಪಸಾತಿಯ ಅವಧಿಯೊಳಗೆ ಅಲ್ಲೂ ಕೋರಿಕೆ ದಾಖಲಾಗಿರಬೇಕು. ಅಲ್ಲಿ ಕಾರಣಗಳ ಪಟ್ಟಿ ತೆರೆದುಕೊಂಡಾಗ "ತಪ್ಪು ವಸ್ತು ಬಂದಿದೆ" ಎಂಬುದನ್ನೇ ಆರಿಸಬೇಕು, "ವಸ್ತು ದೋಷಪೂರಿತ" ಎಂಬುದನ್ನಲ್ಲ. ಈ ಒಂದು ಆಯ್ಕೆಯ ಮೇಲೆ ದೂರಿನ ದಾರಿಯೇ ಬದಲಾಗುತ್ತದೆ. ದೋಷವೆಂದು ಹೇಳಿದರೆ ವಿಷಯ ಪರೀಕ್ಷೆಗೋ ವಾರಂಟಿಗೋ ಸರ್ವಿಸ್ ಸೆಂಟರಿಗೋ ಹೋಗುತ್ತದೆ; ಪಂಪು ಚೆನ್ನಾಗಿಯೇ ಓಡುತ್ತದೆಯಾದ್ದರಿಂದ "ದೋಷ ಕಂಡುಬಂದಿಲ್ಲ" ಎಂದು ದೂರು ಮುಚ್ಚಿಹೋಗುತ್ತದೆ. ನಮ್ಮ ದೂರು ಪಂಪು ಕೆಟ್ಟಿದೆ ಎಂದಲ್ಲ, ನಾವು ಹಣ ಕೊಟ್ಟ ಪಂಪು ಇದಲ್ಲ ಎಂದು. ಇಮೇಲಿನಲ್ಲಿಯೂ ಇದೇ ಮಾತಿಗೆ ಅಂಟಿಕೊಳ್ಳಬೇಕು. "ಬ್ಯಾಟರಿ ಸರಿಯಿಲ್ಲ", "ಚಾರ್ಜ್ ನಿಲ್ಲುವುದಿಲ್ಲ" ಎಂಬಂಥ ವಾಕ್ಯ ಒಂದು ನುಸುಳಿದರೂ ದೂರು ಹಳಿ ತಪ್ಪುತ್ತದೆ.

ನಾಲ್ಕು ದಿನಾಂಕಗಳು ಬೇರೆ ಬೇರೆ

ಪೇಟೆಯಿಂದ ದೂರವಿರುವ ಮನೆಗಳಿಗೆ ಕೊರಿಯರ್ ಹುಡುಗರು ಎಲ್ಲ ಸಲವೂ ಬರುವುದಿಲ್ಲ. ಫೋನ್ ಮಾಡಿ ಓಟಿಪಿ ಪಡೆದುಕೊಂಡು, ಬಸ್ ಸ್ಟ್ಯಾಂಡಿನ ಹತ್ತಿರದ ಪರಿಚಯದ ಅಂಗಡಿಯಲ್ಲಿ ಇಟ್ಟಿದ್ದೇನೆ ಎಂದು ಹೇಳಿ ಹೋಗುತ್ತಾರೆ. ಓಟಿಪಿ ಕೊಟ್ಟ ಆ ಕ್ಷಣದಲ್ಲೇ ಆ್ಯಪಿನಲ್ಲಿ "ವಿತರಿಸಲಾಗಿದೆ" ಎಂದು ದಾಖಲಾಗುತ್ತದೆ, ವಾಪಸಾತಿಯ ದಿನಗಳ ಎಣಿಕೆಯೂ ಅಲ್ಲಿಂದಲೇ ಶುರುವಾಗುತ್ತದೆ. ಪೆಟ್ಟಿಗೆ ನಮ್ಮ ಕೈಗೆ ಬರುವುದು ಪೇಟೆಗೆ ಹೋದ ದಿನ. ಹೀಗಾಗಿ ಆರ್ಡರ್ ಮಾಡಿದ ದಿನ, ಆ್ಯಪಿನಲ್ಲಿ ವಿತರಣೆಯೆಂದು ದಾಖಲಾದ ದಿನ, ಪೆಟ್ಟಿಗೆ ಕೈಗೆ ಸಿಕ್ಕಿ ತೆರೆದ ದಿನ, ಮೊದಲ ದೂರು ಸಲ್ಲಿಸಿದ ದಿನ ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು.

ನಮ್ಮ ಪ್ರಸಂಗದಲ್ಲಿ ಆರ್ಡರ್ ಮಾಡಿದ್ದು 20 ಮೇ 2025, ಆ್ಯಪಿನ ಪ್ರಕಾರ ವಿತರಣೆ 27 ಮೇ, ಅಂಗಡಿಯಿಂದ ತಂದು ತೆರೆದದ್ದು 29 ಮೇ, ಆ್ಯಪಿನಲ್ಲಿ ಕೋರಿಕೆ ಸಲ್ಲಿಸಿದ್ದು 30 ಮೇ. "ವಸ್ತು 29ರಂದು ಬಂತು" ಎಂದಷ್ಟೇ ಬರೆದರೆ ಸಿಬ್ಬಂದಿಯ ದಾಖಲೆಯಲ್ಲಿರುವ 27ಕ್ಕೆ ಅದು ತಾಳೆಯಾಗುವುದಿಲ್ಲ, ಉಳಿದ ಮಾತುಗಳ ಮೇಲೂ ಅನುಮಾನ ಬರುತ್ತದೆ. 27 ಎಂದಷ್ಟೇ ಬರೆದರೆ ಮೂರು ದಿನ ಸುಮ್ಮನಿದ್ದದ್ದು ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಎರಡನ್ನೂ ಹೇಳಿ, ನಡುವಿನ ಕಾರಣವನ್ನು ಒಂದೇ ವಾಕ್ಯದಲ್ಲಿ ಕೊಟ್ಟರೆ ಸಾಕು. ಓಟಿಪಿಯ ಎಸ್‌ಎಂಎಸ್‌ನಲ್ಲಿ ದಿನವೂ ಗಂಟೆಯೂ ಇರುತ್ತದೆಯಾದ್ದರಿಂದ ಅದನ್ನು ಅಳಿಸದೆ ಇಟ್ಟುಕೊಳ್ಳಬೇಕು.

ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. 2/6/2025 ಎಂದು ಬರೆದರೆ ಜೂನ್ 2 ಎಂದೂ ಫೆಬ್ರವರಿ 6 ಎಂದೂ ಓದಬಹುದು. "ಕಳೆದ ಮಂಗಳವಾರ", "ಮೊನ್ನೆ", "ಒಂದು ವಾರದ ಹಿಂದೆ" ಎಂಬ ಮಾತುಗಳು ತಿಂಗಳ ನಂತರ ಓದುವವರಿಗೆ ಯಾವ ದಿನವನ್ನೂ ತೋರಿಸುವುದಿಲ್ಲ.

ಯಾವ ಸಂಖ್ಯೆ ಎಲ್ಲಿ ಸಿಗುತ್ತದೆ

ಆರ್ಡರ್ ಸಂಖ್ಯೆ, ಇನ್ವಾಯ್ಸ್ ಸಂಖ್ಯೆ, ಕೊರಿಯರ್ ಟ್ರ್ಯಾಕಿಂಗ್ ಸಂಖ್ಯೆ ಈ ಮೂರೂ ಬೇರೆ. ಆರ್ಡರ್ ಸಂಖ್ಯೆ ಆ್ಯಪಿನ "ನನ್ನ ಆರ್ಡರ್‌ಗಳು" ಪುಟದಲ್ಲಿಯೂ, ಇನ್ವಾಯ್ಸ್ ಸಂಖ್ಯೆ ಬಿಲ್ಲಿನ ಮೇಲ್ಭಾಗದಲ್ಲಿಯೂ, ಟ್ರ್ಯಾಕಿಂಗ್ ಸಂಖ್ಯೆ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಬಾರ್‌ಕೋಡಿನ ಜೊತೆಗೂ ಇರುತ್ತದೆ. ಇವುಗಳನ್ನು ಕೈಯಿಂದ ಟೈಪ್ ಮಾಡುವುದಕ್ಕಿಂತ ಆ್ಯಪಿನಿಂದ ಕಾಪಿ ಮಾಡಿ ಅಂಟಿಸುವುದು ಸುರಕ್ಷಿತ, ಒಂದು ಅಂಕಿ ಅದಲುಬದಲಾದರೂ ಬೇರೆಯವರ ಆರ್ಡರ್ ತೆರೆದುಕೊಳ್ಳುತ್ತದೆ. ಒಂದೇ ಆರ್ಡರಿನಲ್ಲಿ ಹಲವು ವಸ್ತುಗಳಿದ್ದರೆ ದೂರು ಯಾವುದರ ಬಗ್ಗೆ ಎಂಬುದನ್ನು ಬಿಲ್ಲಿನಲ್ಲಿರುವ ಹೆಸರಿನಿಂದಲೇ ಗುರುತಿಸಿ, ಉಳಿದವು ಸರಿಯಾಗಿ ಬಂದಿವೆ ಎಂದು ತಿಳಿಸಬೇಕು.

ಬಿಲ್ಲಿನಲ್ಲಿ ಇನ್ನೊಂದು ಮುಖ್ಯ ವಿಷಯವಿದೆ. ನಾವು ಕೊಂಡದ್ದು ದೊಡ್ಡ ಜಾಲತಾಣದಲ್ಲಾದರೂ ಮಾರಿದವರು ಬೇರೊಂದು ಅಂಗಡಿಯವರಾಗಿರಬಹುದು. ಬಿಲ್ಲಿನಲ್ಲಿ "ಮಾರಾಟಗಾರರು" ಎಂಬಲ್ಲಿ ಇರುವ ಹೆಸರು, ವಿಳಾಸ ಮತ್ತು ಜಿಎಸ್‌ಟಿ ಸಂಖ್ಯೆ ಅವರದು. ಇಮೇಲನ್ನು ಈ ಮಾರಾಟಗಾರರಿಗೆ ಬರೆದು, ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಪ್ರತಿ ಕಳುಹಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಈ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರಗಳು ಜಾಲತಾಣದಲ್ಲಿ ಕಾಣುವಂತಿರಬೇಕು. ದೂರು ತಲುಪಿದ 48 ಗಂಟೆಗಳೊಳಗೆ ಅವರು ಸ್ವೀಕೃತಿ ನೀಡಬೇಕು ಮತ್ತು ಒಂದು ತಿಂಗಳೊಳಗೆ ಪರಿಹರಿಸಬೇಕು. ವಿಳಾಸವನ್ನು ಬಿಲ್ಲಿನಿಂದ ಅಥವಾ ಆ್ಯಪಿನ ಒಳಗಿನ ಪುಟದಿಂದಲೇ ತೆಗೆದುಕೊಳ್ಳಬೇಕು. ಗೂಗಲ್‌ನಲ್ಲಿ "ಕಸ್ಟಮರ್ ಕೇರ್" ಎಂದು ಹುಡುಕಿದಾಗ ಮೇಲೆ ಬರುವ ನಂಬರುಗಳಲ್ಲಿ ವಂಚಕರವೂ ಇರುತ್ತವೆ.

ಫೋಟೊಗಳು

ಇಂಥ ದೂರಿಗೆ ಬೇಕಾದ ಫೋಟೊಗಳು ಕೆಲವೇ, ಆದರೆ ಪ್ರತಿಯೊಂದೂ ಒಂದೊಂದು ವಾಕ್ಯವನ್ನು ಸಾಬೀತುಪಡಿಸಬೇಕು. ಆರ್ಡರ್ ಪುಟದ ಸ್ಕ್ರೀನ್‌ಶಾಟಿನಲ್ಲಿ ನಾವು ಆರಿಸಿದ ಮಾದರಿಯ ವಿವರ ಕಾಣಬೇಕು. ಜಾಹೀರಾತಿನ ಪುಟವನ್ನು ಮಾರಾಟಗಾರರು ಯಾವಾಗ ಬೇಕಾದರೂ ತಿದ್ದಬಹುದಾದ್ದರಿಂದ ತಪ್ಪು ಗೊತ್ತಾದ ದಿನವೇ ಅದನ್ನೂ ಸೆರೆಹಿಡಿಯಬೇಕು. ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳ ಫೋಟೊ ಎಂದರೆ ಕೊರಿಯರ್ ಚೀಟಿ ಅಂಟಿರುವ ಪೆಟ್ಟಿಗೆಯೂ ಮಗುಚಿ ಇಟ್ಟ ಪಂಪಿನ ತಳದ ಸ್ಟಿಕ್ಕರೂ ಒಂದೇ ಚೌಕಟ್ಟಿನಲ್ಲಿ ಇರುವಂಥದ್ದು. ಈ ಪೆಟ್ಟಿಗೆಯಲ್ಲಿ ಬಂದದ್ದು ಇದೇ ಪಂಪು ಎಂಬ ಕೊಂಡಿಯನ್ನು ಅದು ಒದಗಿಸುತ್ತದೆ. ಜಗಲಿಯ ಮೇಲೆ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದರೆ ಹೊಳಪಿನ ಸ್ಟಿಕ್ಕರಿನ ಅಕ್ಷರಗಳು ಮಾಸುವುದಿಲ್ಲ. ಜೂಮ್ ಮಾಡಿದಾಗ "8" ಎಂಬ ಅಂಕಿ ಸ್ಪಷ್ಟವಾಗಿ ಕಾಣದಿದ್ದರೆ ಮತ್ತೆ ತೆಗೆಯಬೇಕು. ಪೆಟ್ಟಿಗೆ ಬಿಚ್ಚುವಾಗಿನ ವಿಡಿಯೊ ಇದ್ದರೆ ಇದೆ ಎಂದು ತಿಳಿಸಬಹುದು. ಇಲ್ಲದಿದ್ದರೆ ಅದರ ಮಾತೇ ಎತ್ತಬೇಕಾಗಿಲ್ಲ.

ಕಡತಗಳಿಗೆ "1-ಆರ್ಡರ್-ಪುಟ", "2-ಬಿಲ್ಲು", "3-ಚೀಟಿ-ಮತ್ತು-ಸ್ಟಿಕ್ಕರ್" ಎಂಬಂತೆ ಹೆಸರಿಟ್ಟು, ಇಮೇಲಿನೊಳಗೂ ಅದೇ ಸಂಖ್ಯೆಯಿಂದ ಕರೆಯಬೇಕು. ನೆಟ್‌ವರ್ಕ್ ದುರ್ಬಲವಿರುವ ಊರುಗಳಲ್ಲಿ ದೊಡ್ಡ ಫೋಟೊಗಳಿರುವ ಇಮೇಲ್ ಔಟ್‌ಬಾಕ್ಸಿನಲ್ಲೇ ಕುಳಿತುಬಿಡುತ್ತದೆ. ಫೋಟೊಗಳ ಗಾತ್ರ ಇಳಿಸಿ, "ಕಳುಹಿಸಿದವು" ಎಂಬ ಪಟ್ಟಿಗೆ ಇಮೇಲ್ ಸೇರಿದೆಯೇ ಎಂದು ನೋಡಿದ ಮೇಲಷ್ಟೇ ಕಳುಹಿಸಿದ್ದೇವೆ ಎಂದು ಭಾವಿಸಬೇಕು.

ಏನು ಕೇಳಬೇಕು

ಒಂದೇ ಬೇಡಿಕೆ ಇಡುವುದು ಒಳ್ಳೆಯದು. "ಬದಲಿ ಕೊಡಿ ಅಥವಾ ಹಣ ಕೊಡಿ ಅಥವಾ ಬೆಲೆಯಲ್ಲಿ ಇಳಿಸಿ" ಎಂದು ಬರೆದರೆ ಆಯ್ಕೆಯನ್ನು ಅವರಿಗೇ ಬಿಟ್ಟುಕೊಟ್ಟಂತೆ ಆಗುತ್ತದೆ, ಅವರು ಆರಿಸುವುದು ತಮಗೆ ಅಗ್ಗವಾದದ್ದನ್ನು. ನಮ್ಮ ಬೆಳೆಗಾರರಿಗೆ ಜೂನ್ ಮಳೆ ಹಿಡಿಯುವ ಮೊದಲು ಸಿಂಪಡಣೆ ಮುಗಿಯಬೇಕಾಗಿದೆ. ಬದಲಿ ಪಂಪು ಬರುವವರೆಗೆ ಕಾಯುವುದಕ್ಕಿಂತ ಹಣ ವಾಪಸು ಪಡೆದು ಪೇಟೆಯಲ್ಲೇ ಕೊಳ್ಳುವುದು ಅವರಿಗೆ ಅನುಕೂಲ. ಹಾಗಾಗಿ ಅವರು ಪೂರ್ಣ ಹಣವನ್ನು ಕೇಳುತ್ತಾರೆ ಮತ್ತು ಉತ್ತರಕ್ಕೆ ಒಂದು ನಿರ್ದಿಷ್ಟ ದಿನವನ್ನು ಹೇಳುತ್ತಾರೆ. "ಆದಷ್ಟು ಬೇಗ" ಎಂಬುದು ಗಡುವಲ್ಲ.

ವಸ್ತುವನ್ನು ಎಲ್ಲಿಂದ ಒಯ್ಯಬೇಕು ಎಂಬುದನ್ನೂ ಮೊದಲ ಇಮೇಲಿನಲ್ಲೇ ಬರೆಯಬೇಕು. ಮನೆಯಲ್ಲಿ ಫೋನ್ ತಾಗದ ಕಾರಣ ಪಿಕಪ್ ಹುಡುಗರು "ಗ್ರಾಹಕರು ಸಿಗಲಿಲ್ಲ" ಎಂದು ದಾಖಲಿಸಿ ಹೋಗುವುದು, ಹೀಗೆ ಕೆಲವು ಸಲ ಆದ ಮೇಲೆ ವಾಪಸಾತಿಯೇ ರದ್ದಾಗುವುದು ಘಟ್ಟದ ಸೀಮೆಯಲ್ಲಿ ಸಾಮಾನ್ಯವಾದ ತೊಂದರೆ. ಪೇಟೆಯಲ್ಲಿ ವಸ್ತುವನ್ನು ಇಟ್ಟಿರುವ ಅಂಗಡಿಯ ವಿಳಾಸವನ್ನೂ ಅಲ್ಲಿಯವರ ಒಪ್ಪಿಗೆ ಪಡೆದು ಅವರ ಫೋನ್ ನಂಬರನ್ನೂ ಕೊಟ್ಟರೆ ಇದು ತಪ್ಪುತ್ತದೆ.

ಪೂರ್ಣ ಇಮೇಲ್ ಹೀಗಿರಬಹುದು

ಸಂಖ್ಯೆಗಳೂ ಬೆಲೆಯೂ ಇಲ್ಲಿ ಮಾದರಿಗಾಗಿ ಮಾತ್ರ. ಉತ್ತರಿಸುವವರು ಬೇರೆ ರಾಜ್ಯದವರಾಗಿದ್ದು ಇಂಗ್ಲಿಷಿನಲ್ಲಿ ಕಳುಹಿಸಬೇಕಾಗಿ ಬಂದರೂ ವಾಕ್ಯಗಳ ಕ್ರಮ ಇದೇ ಇರಲಿ.

> ವಿಷಯ: ಆರ್ಡರ್ 4417-209361: ಬೇರೆ ಮಾದರಿಯ ಸ್ಪ್ರೇಯರ್ ಬಂದಿದೆ, ಹಣ ವಾಪಸಾತಿಗೆ ಕೋರಿಕೆ
>
> ಮಾನ್ಯರೇ,
>
> ನಾನು 20 ಮೇ 2025ರಂದು ನಿಮ್ಮಿಂದ 16 ಲೀಟರ್, 12 ವೋಲ್ಟ್ 12 ಆಂಪಿಯರ್-ಅವರ್ ಬ್ಯಾಟರಿ ಸ್ಪ್ರೇಯರ್ ಒಂದನ್ನು ಆರ್ಡರ್ ಮಾಡಿ, ಯುಪಿಐ ಮೂಲಕ ರೂ. 3,450 ಪಾವತಿಸಿದ್ದೇನೆ. ಅದರ ಬದಲು 12 ವೋಲ್ಟ್ 8 ಆಂಪಿಯರ್-ಅವರ್ ಮಾದರಿ ಬಂದಿದೆ.
>
> ಆರ್ಡರ್ ಸಂಖ್ಯೆ: 4417-209361
> ಇನ್ವಾಯ್ಸ್ ಸಂಖ್ಯೆ: 25-008812, ದಿನಾಂಕ 21 ಮೇ 2025
> ಟ್ರ್ಯಾಕಿಂಗ್ ಸಂಖ್ಯೆ: 7730146625
> ಆ್ಯಪಿನಲ್ಲಿ ಸಲ್ಲಿಸಿದ ಕೋರಿಕೆಯ ಸಂಖ್ಯೆ: 560218
>
> ಆ್ಯಪಿನಲ್ಲಿ ವಿತರಣೆಯ ದಿನ 27 ಮೇ 2025 ಎಂದು ದಾಖಲಾಗಿದೆ. ಕೊರಿಯರ್‌ನವರು ಪೆಟ್ಟಿಗೆಯನ್ನು ತೀರ್ಥಹಳ್ಳಿ ಪೇಟೆಯ ಅಂಗಡಿಯೊಂದರಲ್ಲಿ ಇಟ್ಟಿದ್ದರಿಂದ ನನ್ನ ಕೈಗೆ ಸಿಕ್ಕಿದ್ದು 29 ಮೇ 2025ರಂದು. ಅಂದೇ ತೆರೆದು ನೋಡಿದಾಗ ತಳದ ಸ್ಟಿಕ್ಕರಿನಲ್ಲಿ ಬೇರೆ ಮಾದರಿಯ ವಿವರವಿರುವುದು ಕಂಡುಬಂತು (ಲಗತ್ತು 3). 30 ಮೇ 2025ರಂದು ಆ್ಯಪಿನಲ್ಲಿ "ತಪ್ಪು ವಸ್ತು" ಎಂಬ ಕಾರಣ ನೀಡಿ ವಾಪಸಾತಿಗೆ ಕೋರಿದೆ. 1 ಜೂನ್ 2025ರಂದು "ವಸ್ತು ಆರ್ಡರಿಗೆ ಹೊಂದುತ್ತದೆ" ಎಂದು ತಿಳಿಸಿ ಆ ಕೋರಿಕೆಯನ್ನು ಮುಚ್ಚಲಾಗಿದೆ (ಲಗತ್ತು 4). ಲಗತ್ತು 1 ಮತ್ತು 3ನ್ನು ಹೋಲಿಸಿದರೆ ಅದು ಹೊಂದುವುದಿಲ್ಲವೆಂಬುದು ಕಾಣುತ್ತದೆ.
>
> ಸ್ಪ್ರೇಯರನ್ನು ಬಳಸಿಲ್ಲ. ಮೂಲ ಪೆಟ್ಟಿಗೆ, ಚಾರ್ಜರ್ ಮತ್ತು ನಾಜಲ್‌ಗಳ ಸಮೇತ ಹಾಗೆಯೇ ಇದೆ.
>
> ದಯವಿಟ್ಟು ನಿಮ್ಮ ವೆಚ್ಚದಲ್ಲಿ ವಸ್ತುವನ್ನು ಹಿಂದಕ್ಕೆ ಪಡೆದು, ರೂ. 3,450ನ್ನು ಪಾವತಿ ಮಾಡಿದ ಖಾತೆಗೇ ಹಿಂದಿರುಗಿಸಿ. ಪಿಕಪ್‌ಗೆ ಪೇಟೆಯ ಅಂಗಡಿಯ ವಿಳಾಸವನ್ನು ಕೆಳಗೆ ಕೊಟ್ಟಿದ್ದೇನೆ. ನನಗೆ ಕರೆ ತಾಗದಿದ್ದರೆ ಎಸ್‌ಎಂಎಸ್ ಕಳುಹಿಸಿ. ದೂರಿನ ಸಂಖ್ಯೆಯನ್ನೂ ಪಿಕಪ್ ದಿನವನ್ನೂ 9 ಜೂನ್ 2025ರೊಳಗೆ ಇದೇ ಇಮೇಲಿಗೆ ಉತ್ತರವಾಗಿ ತಿಳಿಸಬೇಕೆಂದು ಕೋರುತ್ತೇನೆ.
>
> ಲಗತ್ತುಗಳು: 1. ಆರ್ಡರ್ ಪುಟ, 2. ಬಿಲ್ಲು, 3. ಕೊರಿಯರ್ ಚೀಟಿ ಮತ್ತು ಸ್ಟಿಕ್ಕರ್, 4. ಕೋರಿಕೆ ಮುಚ್ಚಿದ ಸಂದೇಶ
>
> ಇಂತಿ,
> (ಹೆಸರು, ಆರ್ಡರಿನಲ್ಲಿರುವ ವಿಳಾಸ, ನೋಂದಾಯಿತ ಮೊಬೈಲ್, ಪಿಕಪ್ ವಿಳಾಸ)
> 2 ಜೂನ್ 2025

ಮೊದಲ ಎರಡು ವಾಕ್ಯಗಳಲ್ಲೇ ದೂರಿನ ತಿರುಳು ಮುಗಿದಿರುವುದನ್ನು ಗಮನಿಸಬಹುದು. ಸಿಬ್ಬಂದಿ ಅಷ್ಟನ್ನೇ ಓದಿದರೂ ವಿಷಯ ತಿಳಿಯುತ್ತದೆ. ಕೋರಿಕೆ ಮುಚ್ಚಿದ ಸಂದೇಶವನ್ನು ಅವರದೇ ಮಾತಿನಲ್ಲಿ ಉದ್ಧರಿಸಲಾಗಿದೆ, ಅದಕ್ಕೆ ಕೊಟ್ಟ ಉತ್ತರ ಎರಡು ಫೋಟೊಗಳ ಹೋಲಿಕೆ ಮಾತ್ರ. "ಮೋಸ", "ವಂಚನೆ" ಎಂಬ ಪದಗಳಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಬದಲಾಗಿದ್ದರೂ ಇದೇ ಫಲಿತಾಂಶ ಬರುತ್ತಿತ್ತು, ಉದ್ದೇಶವನ್ನು ನಾವು ಸಾಬೀತುಪಡಿಸಬೇಕಾಗಿಯೂ ಇಲ್ಲ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಹಿಂದಿರುಗಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು ಮೇಲೆ ಹೇಳಿದ 2020ರ ನಿಯಮಗಳೇ ಹೇಳುತ್ತವೆ. ಆದರೂ ಮೊದಲ ಪತ್ರದಲ್ಲಿ ಕಾನೂನನ್ನು ಎತ್ತದೆ, ಅದನ್ನು ಎರಡನೆಯ ಪತ್ರಕ್ಕೆ ಉಳಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬ್ಯಾಂಕ್ ಖಾತೆಯ ಸಂಖ್ಯೆ, ಕಾರ್ಡಿನ ಸಂಖ್ಯೆ, ಆಧಾರ್ ಪ್ರತಿ ಇವುಗಳಲ್ಲಿ ಯಾವುದನ್ನೂ ಇಮೇಲಿನಲ್ಲಿ ಕಳುಹಿಸಬಾರದು. ವಸ್ತು ಬಂದಾಗ ನಗದು ಕೊಟ್ಟಿದ್ದರೆ ಖಾತೆಯ ವಿವರವನ್ನು ಆ್ಯಪಿನೊಳಗಿನ ಪುಟದಲ್ಲೇ ತುಂಬಬೇಕು. ಹಣ ವಾಪಸು ಮಾಡುತ್ತೇವೆಂದು ಕರೆ ಮಾಡಿ ಓಟಿಪಿ ಅಥವಾ ಯುಪಿಐ ಪಿನ್ ಕೇಳುವವರಿಗೆ ಏನನ್ನೂ ಹೇಳಬಾರದು, ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ.

ಕಳುಹಿಸಿದ ನಂತರ

ಉತ್ತರ ಬಂದರೆ ಅದೇ ಇಮೇಲಿನ ಕೆಳಗೇ, ಎಲ್ಲರಿಗೂ ತಲುಪುವಂತೆ ಪ್ರತ್ಯುತ್ತರ ಬರೆಯಬೇಕು. ಹೊಸ ಇಮೇಲ್ ಶುರುಮಾಡಿದರೆ ಹೊಸ ದೂರಿನ ಸಂಖ್ಯೆ ಹುಟ್ಟಿಕೊಂಡು ಹಳೆಯ ದಿನಾಂಕಗಳು ಕಳೆದುಹೋಗುತ್ತವೆ. ಅವರು ಫೋನಿನಲ್ಲಿ ಏನನ್ನಾದರೂ ಒಪ್ಪಿಕೊಂಡರೆ, "ಇಂದು ಕರೆಯಲ್ಲಿ ನೀವು ಹೀಗೆ ತಿಳಿಸಿದಿರಿ" ಎಂದು ದಿನ ಮತ್ತು ಹೊತ್ತಿನ ಸಮೇತ ಅಂದೇ ಬರೆದು ಕಳುಹಿಸಬೇಕು. ನೀವೇ ಅಂಚೆಯಲ್ಲಿ ಕಳುಹಿಸಿ ಎಂದರೆ ವೆಚ್ಚ ಯಾರದೆಂಬುದನ್ನು ಮೊದಲು ಬರಹದಲ್ಲಿ ಪಡೆದುಕೊಳ್ಳಬೇಕು. ಗಡುವು ದಾಟಿಯೂ ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿಗೆ ಹೋಗಲು ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ.

ಪಿಕಪ್ ಹುಡುಗರು ಬಂದಾಗ ಪಂಪು, ಚಾರ್ಜರ್ ಮತ್ತು ಸ್ಟಿಕ್ಕರ್ ಕಾಣುವಂತೆ ಮತ್ತೊಂದು ಫೋಟೊ ತೆಗೆದುಕೊಂಡು, ಪಿಕಪ್ ಚೀಟಿಯನ್ನು ಅಥವಾ ಅದರ ಎಸ್‌ಎಂಎಸ್ ಅನ್ನು ಪಡೆದ ನಂತರವೇ ಪೆಟ್ಟಿಗೆಯನ್ನು ಕೊಡಬೇಕು. ಅವೆರಡನ್ನೂ ಅಂದಿನ ದಿನಾಂಕದೊಂದಿಗೆ ಅದೇ ಇಮೇಲಿಗೆ ಸೇರಿಸಿ ಕಳುಹಿಸಬೇಕು, ಏಕೆಂದರೆ "ಖಾಲಿ ಪೆಟ್ಟಿಗೆ ಬಂತು" ಎಂಬ ಉತ್ತರ ಬಂದರೆ ಅದಕ್ಕೆ ಎದುರಾಗಿ ನಿಲ್ಲುವ ದಾಖಲೆ ಅದೊಂದೇ.